ಲೋಟದ ಅಕ್ಕಿ, ಕಪ್ಪಿನ ಅಕ್ಕಿ

ಕುವೈತಿನಲ್ಲಿ ಅನ್ನ ಮಾಡಿಕೊಂಡು ಉಣ್ಣುವ ನಮ್ಮಂಥವರ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಎರಡು ಅಳತೆಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಒಂದು, ಊರಿನಿಂದ ಬಟ್ಟೆಗಳ ನಡುವೆ ಸುತ್ತಿಕೊಂಡು ಬಂದ ಸ್ಟೀಲ್ ಲೋಟ. ಇನ್ನೊಂದು, ರೈಸ್ ಕುಕ್ಕರ್ ಕೊಂಡಾಗ ಅದರ ಡಬ್ಬದೊಳಗೆ ಸಿಕ್ಕಿದ ಪುಟ್ಟ ಪ್ಲಾಸ್ಟಿಕ್ ಕಪ್. ಅಬ್ಬಾಸಿಯಾದ ಬ್ಯಾಚುಲರ್ ರೂಮಾಗಲಿ, ಸಾಲ್ಮಿಯಾದ ಫ್ಯಾಮಿಲಿ ಫ್ಲಾಟ್ ಆಗಲಿ, ಈ ಜೋಡಿ ಇದ್ದೇ ಇರುತ್ತದೆ. ಕಪ್ ಕಳೆದುಹೋದರೆ ಲೋಟ, ಲೋಟದಲ್ಲಿ ಯಾರಾದರೂ ಚಹಾ ಕುಡಿಯುತ್ತಿದ್ದರೆ ಕಪ್. ಎರಡೂ ಅಕ್ಕಿ ಅಳೆಯುವುದಕ್ಕೇ ತಾನೆ ಎಂದುಕೊಂಡು ಕೈಗೆ ಸಿಕ್ಕಿದ್ದನ್ನು ಬಳಸುವುದು ನಮ್ಮ ರೂಢಿ.

ಆದರೆ ಇವೆರಡೂ ಒಂದೇ ಕೆಲಸದ ಅಳತೆಗಳಲ್ಲ. ಅದನ್ನು ನಮ್ಮ ಮನೆಯಲ್ಲಿ ಮೊದಲು ಕಂಡುಕೊಂಡವರು ಎಪ್ಪತ್ತು ದಾಟಿದ ಅಜ್ಜಿ ಮತ್ತು ನಾಲ್ಕನೇ ತರಗತಿಯ ಪುಟ್ಟಿ. ಅವರಿಬ್ಬರು ಮೂರು ನಾಲ್ಕು ದಿನ ಅಡುಗೆಮನೆಯ ಕಟ್ಟೆಯ ಮೇಲೆ ನಡೆಸಿದ ವಿಚಾರಣೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಜ್ಜಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಊರು ಕುಂದಾಪುರದ ಕಡೆ. ಅಲ್ಲಿ ಅವರು ಅನ್ನ ಮಾಡುತ್ತಿದ್ದ ರೀತಿಯನ್ನು ಮೊದಲು ಹೇಳಬೇಕು, ಏಕೆಂದರೆ ಮುಂದಿನ ಕತೆಗೆಲ್ಲ ಅದೇ ಬೇರು. ಊರಿನಲ್ಲಿ ಕುಚ್ಚಲಕ್ಕಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿರುತ್ತದೆ, ತೊಳೆದ ಅಕ್ಕಿಯನ್ನು ಅದಕ್ಕೆ ಹಾಕುತ್ತಾರೆ, ಬೇಕಾದರೆ ನಡುವೆ ಇನ್ನೊಂದು ಚೆಂಬು ನೀರು ಸುರಿಯುತ್ತಾರೆ. ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿ, ಬೆಂದಿದೆ ಎನಿಸಿದಾಗ ಪಾತ್ರೆಯನ್ನು ಬಾಗಿಸಿ ತಿಳಿ ಬಸಿಯುತ್ತಾರೆ. ಹೆಚ್ಚಾದ ನೀರೆಲ್ಲ ತಿಳಿಯ ಜೊತೆ ಹೊರಗೆ ಹೋಗುತ್ತದೆ. ಈ ಕ್ರಮದಲ್ಲಿ ನೀರಿಗೆ ಅಳತೆಯೇ ಬೇಡ. ಲೋಟ ಬೇಕಾಗುವುದು ಒಂದೇ ಪ್ರಶ್ನೆಗೆ: ಇವತ್ತು ಉಣ್ಣುವವರು ಎಷ್ಟು ಜನ? ಇಬ್ಬರಿಗೆ ಒಂದು ಲೋಟ, ನೆಂಟರು ಬಂದರೆ ಇನ್ನೊಂದು. ಲೋಟ ಸ್ವಲ್ಪ ದೊಡ್ಡದಾದರೆ ಒಂದು ತುತ್ತು ಉಳಿಯುತ್ತದೆ, ಚಿಕ್ಕದಾದರೆ ಒಂದು ತುತ್ತು ಕಡಿಮೆ. ಅನ್ನ ಮಾತ್ರ ಎಂದೂ ಕೆಡುವುದಿಲ್ಲ.

ಇಲ್ಲಿ ನಮ್ಮ ಫ್ಲಾಟಿನಲ್ಲಿ ಬಿಳಿ ಅಕ್ಕಿ, ಕರೆಂಟಿನ ರೈಸ್ ಕುಕ್ಕರ್. ಹಾಕಿದ ನೀರೆಲ್ಲವೂ ಅಕ್ಕಿಯೊಳಗೆ ಇಂಗಬೇಕು, ಇಲ್ಲವೇ ಆವಿಯಾಗಿ ಹೋಗಬೇಕು. ಬಸಿಯುವ ಮಾತೇ ಇಲ್ಲ. ಕುಕ್ಕರಿನ ಒಳಪಾತ್ರೆಯಲ್ಲಿ ಒಂದರಿಂದ ಹತ್ತರವರೆಗೆ ಗೆರೆಗಳಿವೆ. ಮೂರು ಅಳತೆ ಅಕ್ಕಿ ಹಾಕಿದರೆ ಮೂರನೇ ಗೆರೆವರೆಗೆ ನೀರು, ಗುಂಡಿ ಒತ್ತಿದರೆ ಆಯಿತು ಎಂದು ಪುಟ್ಟಿಯೇ ಅಜ್ಜಿಗೆ ಪಾಠ ಹೇಳಿಕೊಟ್ಟಿದ್ದಳು.

ಒಂದು ಶುಕ್ರವಾರ ನಾವಿಬ್ಬರೂ ಹೊರಗೆ ಹೋಗಿದ್ದೆವು. ಅಜ್ಜಿ ತಮ್ಮ ಲೋಟದಲ್ಲಿ ಮೂರು ಅಳತೆ ಸೋನಾ ಮಸೂರಿ ಹಾಕಿ, ತೊಳೆದು, ಪುಟ್ಟಿ ಹೇಳಿದಂತೆ ಮೂರನೇ ಗೆರೆಗೆ ಸರಿಯಾಗಿ ನೀರು ಹಾಕಿದರು. ಕುಕ್ಕರ್ ಎಂದಿಗಿಂತ ಬೇಗ ಟಕ್ ಎಂದಿತು. ಮುಚ್ಚಳ ತೆಗೆದರೆ ಮೇಲಿನ ಅಕ್ಕಿ ಹಲ್ಲಿಗೆ ಕಟುಕಟು ಎನ್ನುವಷ್ಟು ಗಟ್ಟಿ, ತಳದಲ್ಲಿ ಕಂದು ಹೊಕ್ಕುಳು.

"ನಿಮ್ಮ ಈ ಕುಕ್ಕರ್ ಸರಿ ಇಲ್ಲ ಮಗಾ," ಎಂದರು ಅಜ್ಜಿ.

"ಕುಕ್ಕರ್ ಸರಿ ಇದೆ ಅಜ್ಜಿ. ನೀವು ಹಾಕಿದ್ದು ಮೂರೇ ತಾನೆ?"

"ಮೂರೇ. ಲೆಕ್ಕ ತಪ್ಪುವಷ್ಟು ವಯಸ್ಸಾಗಲಿಲ್ಲ ನನಗೆ."

"ಹಾಗಾದ್ರೆ ಮೂರು, ಮೂರೇ ಅಲ್ವಾ?"

ಪುಟ್ಟಿಯ ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರಲಿಲ್ಲ. ಅಜ್ಜಿ ಗಟ್ಟಿ ಅನ್ನಕ್ಕೆ ಎರಡು ಚೆಂಬು ಬಿಸಿನೀರು ಸುರಿದು, ಗ್ಯಾಸಿನ ಮೇಲಿಟ್ಟು ಬೇಯಿಸಿ, ಮಧ್ಯಾಹ್ನಕ್ಕೆ ಗಂಜಿ ಮಾಡಿದರು. ಉಪ್ಪಿನಕಾಯಿಯ ಜೊತೆ ಅದೂ ಚೆನ್ನಾಗಿತ್ತು. ಊಟವಾದ ಮೇಲೆ ಪುಟ್ಟಿ ಲೋಟವನ್ನೂ ಕಪ್ಪನ್ನೂ ಮೇಜಿನ ಮೇಲೆ ತಂದಿಟ್ಟಳು.

ನೋಟಕ್ಕೆ ಎರಡರ ನಡುವೆ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಲೋಟ ಉದ್ದ, ಕಪ್ ಗಿಡ್ಡ. ಕಣ್ಣಿಗೆ ಕಂಡದ್ದನ್ನು ನಂಬುವ ಬದಲು ನೀರು ತುಂಬಿ ನೋಡೋಣ ಎಂದೆವು. ಇಲ್ಲಿ ಎಲ್ಲರ ಮನೆಯಲ್ಲೂ ಇರುವ ಒಂದೂವರೆ ಲೀಟರಿನ ಕುಡಿಯುವ ನೀರಿನ ಬಾಟಲಿಯೊಂದನ್ನು ಸೀಲ್ ಒಡೆದು, ಪುಟ್ಟಿ ಲೋಟಕ್ಕೆ ಅಂಚಿನವರೆಗೆ ತುಂಬಿಸಿ, ಬಕೆಟಿಗೆ ಸುರಿದು, ಎಣಿಸುತ್ತ ಹೋದಳು. ಆರು ಲೋಟ ತುಂಬಿತು. ಏಳನೆಯದು ಮೂರರಲ್ಲಿ ಎರಡು ಪಾಲಿಗೆ ನಿಂತಿತು. ಇನ್ನೊಂದು ಬಾಟಲಿಯಲ್ಲಿ ಕುಕ್ಕರಿನ ಕಪ್ಪನ್ನು ಅಳೆದಳು. ಎಂಟು ಕಪ್ ತುಂಬಿ, ಒಂಬತ್ತನೆಯದು ಮೂರರಲ್ಲಿ ಒಂದು ಪಾಲು.

1500 ಮಿಲಿಲೀಟರನ್ನು ಆರೂ ಮುಕ್ಕಾಲಿಗಿಂತ ತುಸು ಕಡಿಮೆಯಿಂದ ಭಾಗಿಸಿದರೆ ಲೋಟಕ್ಕೆ 225 ಮಿಲಿ. ಎಂಟೂಕಾಲಿಗಿಂತ ತುಸು ಹೆಚ್ಚಿನಿಂದ ಭಾಗಿಸಿದರೆ ಕಪ್ಪಿಗೆ 180 ಮಿಲಿ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದಾಗಲೂ ಹಾಗೆಯೇ ಬಂತು. ನೀರು ಲೀಟರಿಗೆ ಒಂದು ಕೆಜಿ ತೂಗುವುದರಿಂದ, ಖಾಲಿ ಲೋಟದ ತೂಕ ಕಳೆದರೆ ಉಳಿದ ಗ್ರಾಮುಗಳೇ ಮಿಲಿಲೀಟರುಗಳು. ಇದನ್ನು ಕೇಳಿ ಪುಟ್ಟಿಗೆ ಖುಷಿಯಾಯಿತು. ಅಜ್ಜಿಗೆ ಸಮಾಧಾನವಾಗಲಿಲ್ಲ.

"ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅನ್ನ ಅಷ್ಟು ಗಟ್ಟಿ ಆಗ್ತದಾ?" ಎಂದು ಕೇಳಿದರು.

ಅವರು ಕೇಳಿದ್ದು ಸರಿಯಾಗಿತ್ತು. ಲೋಟ ಕಪ್ಪಿಗಿಂತ ಕಾಲು ಪಾಲು ದೊಡ್ಡದು, ಅಷ್ಟೆ. ಅದೊಂದರಿಂದಲೇ ಅನ್ನ ಅಷ್ಟು ಕೆಡಬಾರದಿತ್ತು. ಹಾಗಾಗಿ ಪುಟ್ಟಿ, "ಅಜ್ಜಿ, ನಿನ್ನೆ ಹಾಕಿದ ಹಾಗೆಯೇ ಒಂದು ಲೋಟ ಅಕ್ಕಿ ಹಾಕಿ ತೋರಿಸಿ," ಎಂದಳು. ಇದು ಮಾರನೆಯ ದಿನದ ಮಾತು.

ಅಜ್ಜಿ ಅಕ್ಕಿ ಡಬ್ಬಕ್ಕೆ ಲೋಟ ಅದ್ದಿ ಎತ್ತಿದರು. ಲೋಟದ ಅಂಚಿನ ಮೇಲೆ ಅಕ್ಕಿ ಪುಟ್ಟ ಗುಡ್ಡದ ಹಾಗೆ ನಿಂತಿತ್ತು. ಪುಟ್ಟಿ ಆ ಗುಡ್ಡವನ್ನು ಸ್ಕೇಲಿನಿಂದ ಸವರಿ ತಟ್ಟೆಗೆ ಬೀಳಿಸಿ, ಬಿದ್ದದ್ದನ್ನು ಬೇರೆಯಾಗಿ ಅಳೆದಳು. 30 ಮಿಲಿಗಿಂತ ತುಸು ಹೆಚ್ಚಿತ್ತು, ಎರಡು ದೊಡ್ಡ ಚಮಚದಷ್ಟು. ನೀರಿಗೆ ಅಂಚಿನ ಮೇಲೆ ನಿಲ್ಲಲು ಬರುವುದಿಲ್ಲ. ಅಕ್ಕಿಗೆ ಬರುತ್ತದೆ. ಒಂದು ಕಾಳು ಇನ್ನೊಂದರ ಮೇಲೆ ಜಾರದೆ ನಿಲ್ಲುವ ಇಳಿಜಾರು ಎಷ್ಟಿದೆಯೋ ಅಷ್ಟು ಎತ್ತರದವರೆಗೆ ಗುಡ್ಡ ಏರುತ್ತದೆ. ಅಂದರೆ ಅಜ್ಜಿಯ ಲೋಟ ನೀರಿಗೆ 225 ಮಿಲಿ, ಅಕ್ಕಿಗೆ ಸುಮಾರು 257 ಮಿಲಿ. ಮೂರು ಲೋಟಕ್ಕೆ 771 ಮಿಲಿ. ಕುಕ್ಕರಿನ ಕಪ್ಪಿನ ಲೆಕ್ಕದಲ್ಲಿ ಅದು ನಾಲ್ಕೂಕಾಲು ಕಪ್ ದಾಟುತ್ತದೆ. ತೂಗಿದರೂ ಅದೇ. ಸವರಿದ ಒಂದು ಕಪ್ ಅಕ್ಕಿ ನಮ್ಮ ತಕ್ಕಡಿಯಲ್ಲಿ ಸುಮಾರು 150 ಗ್ರಾಂ, ಅಜ್ಜಿಯ ಮೂರು ಲೋಟ ಸೇರಿ ಸುಮಾರು 640 ಗ್ರಾಂ.

ಅಜ್ಜಿ ಮೂರು ಎಂದರು, ಕುಕ್ಕರ್ ನಾಲ್ಕೂಕಾಲು ಎಂದುಕೊಳ್ಳಬೇಕಿತ್ತು. ಆದರೆ ಕುಕ್ಕರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಕಾಣುವುದು ಗೆರೆಯವರೆಗೆ ಇರುವ ನೀರು ಮಾತ್ರ.

ಈ ಗೆರೆಯ ವಿಷಯವೇ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ನಾವೂ ಅದನ್ನು ಅದುವರೆಗೆ ಯೋಚಿಸಿರಲಿಲ್ಲ. ಮೂರನೇ ಗೆರೆ ಎಂದರೆ ಮೂರು ಕಪ್ ನೀರು ಎಂದು ಅರ್ಥವಲ್ಲ. ಮೂರು ಕಪ್ ಅಕ್ಕಿ ಪಾತ್ರೆಯ ತಳದಲ್ಲಿ ಕೂತಿರುವಾಗ ಅದರ ಮೇಲೆ ನೀರು ಎಲ್ಲಿಗೆ ಬರಬೇಕು ಎಂಬುದನ್ನು ಆ ಗೆರೆ ಹೇಳುತ್ತದೆ. ಅಕ್ಕಿ ಮತ್ತು ನೀರು ಎರಡೂ ಸೇರಿದ ಮಟ್ಟ ಅದು. ಹೀಗಾಗಿ ಅಕ್ಕಿ ಹೆಚ್ಚಾದರೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಹೆಚ್ಚಿನ ಅಕ್ಕಿಗೆ ಹೆಚ್ಚು ನೀರು ಬೇಕು. ಆದರೆ ಅದೇ ಹೆಚ್ಚಿನ ಅಕ್ಕಿ ನೀರಿನ ಜಾಗವನ್ನೂ ತಿಂದುಬಿಡುತ್ತದೆ.

ಪುಟ್ಟಿ ಇದನ್ನು ಒಣ ಅಕ್ಕಿಯಲ್ಲೇ ಮಾಡಿ ತೋರಿಸಿದಳು. ಮೊದಲು ಸವರಿದ ಮೂರು ಕಪ್ ಅಕ್ಕಿಯನ್ನು ಪಾತ್ರೆಗೆ ಹಾಕಿ, ಅಳತೆಯ ಜಗ್ಗಿನಿಂದ ನೀರು ಸುರಿದು ಮೂರನೇ ಗೆರೆ ಮುಟ್ಟಿಸಿದಳು. ಸುಮಾರು 650 ಮಿಲಿ ನೀರು ಹಿಡಿಯಿತು. ಪಾತ್ರೆ ಒರೆಸಿ, ಅಜ್ಜಿಯ ಗುಡ್ಡದ ಲೋಟ ಮೂರು ಹಾಕಿ ಮತ್ತೆ ಅದೇ ಗೆರೆಗೆ ನೀರು ತುಂಬಿದಳು. ಈ ಸಲ ಸುಮಾರು 520 ಮಿಲಿಗೇ ಗೆರೆ ಮುಟ್ಟಿಬಿಟ್ಟಿತು. ಅಷ್ಟು ಅಕ್ಕಿಗೆ ನಿಜಕ್ಕೂ ಬೇಕಾಗಿದ್ದು 900 ಮಿಲಿಗಿಂತ ಹೆಚ್ಚು ನೀರು. ಶುಕ್ರವಾರದ ಅನ್ನ ಬೇಕಾದ ನೀರಿನ ಅರ್ಧಕ್ಕಿಂತ ತುಸು ಹೆಚ್ಚಿನಲ್ಲೇ ಬೇಯಬೇಕಾಗಿ ಬಂದಿತ್ತು. ಕುಕ್ಕರ್ ಬೇಗ ಟಕ್ ಎಂದದ್ದಕ್ಕೂ ಇದೇ ಕಾರಣ. ಪಾತ್ರೆಯ ತಳದಲ್ಲಿ ನೀರು ಇರುವವರೆಗೆ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಮುಗಿದ ಕೂಡಲೇ ಬಿಸಿ ಅದಕ್ಕಿಂತ ಮೇಲೇರುತ್ತದೆ, ಆಗ ಸ್ವಿಚ್ ಬೀಳುತ್ತದೆ. ಅನ್ನ ಬೆಂದಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ, ನೀರು ಮುಗಿಯಿತು ಎಂಬುದಷ್ಟೇ ತಿಳಿಯುತ್ತದೆ.

"ಹಾಗಾದ್ರೆ ಕುಕ್ಕರೂ ಸರಿ, ಅಜ್ಜಿಯೂ ಸರಿ," ಎಂದಳು ಪುಟ್ಟಿ. "ಲೋಟ ಒಂದು ಭಾಷೆ, ಗೆರೆ ಇನ್ನೊಂದು ಭಾಷೆ."

ಅವಳ ಮುಂದಿನ ಪ್ರಶ್ನೆ ಸಹಜವಾಗಿತ್ತು. ಕಪ್ ಯಾಕೆ 180? ಯಾಕೆ 200 ಅಲ್ಲ, ಕಾಲು ಲೀಟರ್ ಅಲ್ಲ? ಇದಕ್ಕೆ ಉತ್ತರ ಜಪಾನಿನಲ್ಲಿದೆ. ಅಲ್ಲಿ ಅಕ್ಕಿ ಅಳೆಯುವ ಹಳೆಯ ಅಳತೆಗೆ 'ಗೋ' ಎಂದು ಹೆಸರು. ಒಂದು ಗೋ ಎಂದರೆ ಸುಮಾರು 180 ಮಿಲಿ, ಅದರಲ್ಲಿ ಹಿಡಿಯುವ ಅಕ್ಕಿ ಸುಮಾರು 150 ಗ್ರಾಂ. ಸಾವಿರ ಗೋ ಸೇರಿದರೆ ಒಂದು 'ಕೋಕು', ಒಬ್ಬ ಮನುಷ್ಯನ ವರ್ಷದ ಅಕ್ಕಿ ಎಂಬ ಲೆಕ್ಕ. ಕರೆಂಟಿನ ರೈಸ್ ಕುಕ್ಕರನ್ನು ತೋಷಿಬಾ ಕಂಪನಿ 1955ರಲ್ಲಿ ಮಾರುಕಟ್ಟೆಗೆ ತಂದಿತು. 1959ರಿಂದ ಜಪಾನಿನ ವ್ಯಾಪಾರದಲ್ಲಿ ಹಳೆಯ ಅಳತೆಗಳನ್ನು ಬಿಟ್ಟು ಮೆಟ್ರಿಕ್ ಬಳಸುವುದು ಕಡ್ಡಾಯವಾಯಿತು. ಆದರೂ ಅನ್ನದ ಪಾತ್ರೆಯ ಪಕ್ಕದಲ್ಲಿ ಗೋ ಉಳಿದುಕೊಂಡಿತು. ಇವತ್ತು ಎಲ್ಲಿ ತಯಾರಾದ ರೈಸ್ ಕುಕ್ಕರ್ ಆದರೂ ಸಾಮಾನ್ಯವಾಗಿ ಅದರೊಳಗಿನ ಕಪ್ 180 ಮಿಲಿಯ ಆಸುಪಾಸಿನದೇ, ಗೆರೆಗಳೂ ಆ ಕಪ್ಪಿಗೆ ಹೊಂದಿಸಿ ಎಳೆದವೇ.

ಇದನ್ನು ಕೇಳಿದ ಅಜ್ಜಿ, "ನಮ್ಮ ಸೇರಿನ ಕತೆಯೂ ಹೀಗೇ," ಎಂದು ಸೆರಗು ಸರಿಪಡಿಸಿಕೊಂಡು ಕೂತರು.

ಅವರ ಬಾಲ್ಯದಲ್ಲಿ ಕರಾವಳಿಯಲ್ಲಿ ಅಕ್ಕಿಯ ಲೆಕ್ಕ ಸೇರಿನಲ್ಲಿ. ಸೇರಿನ ಕಾಲು ಭಾಗ ಕುಡ್ತೆ, ಮೈಸೂರು ಕಡೆಯವರು ಪಾವು ಎನ್ನುವುದು ಅದನ್ನೇ. ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಉರುಟಾಗಿ ಕಟ್ಟಿದ ಆ ಅಕ್ಕಿ ಮುಡಿಯಲ್ಲಿ 42 ಸೇರು ಅಕ್ಕಿ. ನಮ್ಮ ದೇಶದಲ್ಲಿ ತೂಕ ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ. 1962ರ ಏಪ್ರಿಲ್‌ ಹೊತ್ತಿಗೆ ಅಂಗಡಿಗಳಲ್ಲಿ ಕೆಜಿ ಕಡ್ಡಾಯವಾಯಿತು. ಅಂಗಡಿಯವನ ತಕ್ಕಡಿ ಬದಲಾಯಿತು, ಅಮ್ಮಂದಿರ ಕೈ ಬದಲಾಗಲಿಲ್ಲ. ಅಜ್ಜಿಯ ಮನೆಯಲ್ಲಿ ಕುಡ್ತೆ ಒಡೆದುಹೋದಾಗ ಅದರ ಜಾಗಕ್ಕೆ ಬಂದದ್ದು ಈ ಸ್ಟೀಲ್ ಲೋಟ. ಕುಡ್ತೆಗೆ ಹತ್ತಿರವಾದದ್ದನ್ನೇ ಅವರ ತಾಯಿ ಪಾತ್ರೆ ಅಂಗಡಿಯಲ್ಲಿ ನೋಡಿ ನೋಡಿ ಆರಿಸಿದ್ದರಂತೆ. ಅಂಗಡಿಯವನು ಅದನ್ನು ಕುಡಿಯುವ ಲೋಟ ಎಂದು ಮಾರಿದ್ದ. ಅದಕ್ಕೆ ಇಷ್ಟೇ ಹಿಡಿಯಬೇಕು ಎಂಬ ನಿಯಮವೇನೂ ಇಲ್ಲ. ಪಕ್ಕದ ಮನೆಯ ಲೋಟ 200 ಮಿಲಿ ಇರಬಹುದು, ಇನ್ನೊಬ್ಬರದು 300.

ಆಮೇಲೆ ಅಜ್ಜಿ ಗುಡ್ಡದ ವಿಷಯಕ್ಕೆ ತಾವಾಗಿಯೇ ಬಂದರು. ಅವರ ಅಪ್ಪ ಗೇಣಿ ಒಕ್ಕಲು. ಬೆಳೆ ಬಂದ ಮೇಲೆ ಗೇಣಿಯ ಅಕ್ಕಿಯನ್ನು ಧಣಿಗಳ ಮನೆಯ ಅಂಗಳದಲ್ಲಿ ಅಳೆದು ಕೊಡಬೇಕು. ಅಳೆಯುವ ಸೇರು ಧಣಿಗಳದ್ದು. ಒಕ್ಕಲು ಕೊಡುವಾಗ ಸೇರಿನ ಮೇಲೆ ಗುಡ್ಡ ನಿಲ್ಲುವ ಹಾಗೆ ತುಂಬುತ್ತಿದ್ದರು. ಮಳೆಗಾಲದಲ್ಲಿ ಅಕ್ಕಿ ಮುಗಿದು ಅದೇ ಮನೆಯಿಂದ ಸಾಲ ತರುವಾಗ ಸೇರಿನ ಬಾಯಿಯನ್ನು ಅಂಗೈಯಿಂದ ಸವರಿ ಕೊಡುತ್ತಿದ್ದರು.

"ಅಪ್ಪ ಏನೂ ಹೇಳ್ತಿರ್ಲಿಲ್ವಾ?" ಎಂದು ಪುಟ್ಟಿ ಕೇಳಿದಳು.

"ಏನು ಹೇಳುವುದು? ಸೇರು ಒಂದೇ, ಎಣಿಕೆ ಒಂದೇ. 42 ಅಂದರೆ 42. ಆದರೆ ಮನೆಗೆ ಬಂದು ಅಮ್ಮನ ಹತ್ತಿರ, 'ಈ ಸಲವೂ ಮುಡಿಗೆ ಮೂರು ಸೇರು ಹೋಯಿತು' ಅಂತಿದ್ದರು. ಎಲ್ಲಿಂದ ಬಂತು ಆ ಮೂರು ಅಂತ ನನಗೆ ಗೊತ್ತಿರಲಿಲ್ಲ."

ಆ ಮೂರು ಸೇರು ಎಲ್ಲಿ ಹೋಯಿತು ಎಂದು ಕಂಡುಹಿಡಿಯಲು ಪುಟ್ಟಿಗೆ ಇಡೀ ಸಂಜೆ ಹಿಡಿಯಿತು. ಅಜ್ಜಿ ಕೈಯಲ್ಲಿ ತೋರಿಸಿದ ಪ್ರಕಾರ ಸೇರಿನ ಬಾಯಿ ಸುಮಾರು 10 ಸೆಂಟಿಮೀಟರ್ ಅಗಲ. ಅಷ್ಟೇ ಅಗಲದ ಬಾಯಿಯ ಒಂದು ಡಬ್ಬ ಅಡುಗೆಮನೆಯಲ್ಲಿ ಸಿಕ್ಕಿತು, ಒಂದು ಲೀಟರ್ ಹಿಡಿಯುವಂಥದ್ದು. ಅದಕ್ಕೆ ಅಕ್ಕಿ ತುಂಬಿ, ಮೇಲೆ ಗುಡ್ಡ ನಿಲ್ಲುವಷ್ಟು ಸುರಿದು, ಸವರಿ, ಬಿದ್ದದ್ದನ್ನು ಅಳೆದರೆ ಸುಮಾರು 75 ಮಿಲಿ. ಲೋಟದ ಬಾಯಿ ಏಳೂವರೆ ಸೆಂಟಿಮೀಟರ್, ಗುಡ್ಡ 32 ಮಿಲಿ. ಬಾಯಿಯ ಅಗಲ ಮೂರನೇ ಒಂದು ಪಾಲು ಹೆಚ್ಚಿದ್ದಕ್ಕೆ ಗುಡ್ಡ ಎರಡು ಪಟ್ಟು ದಾಟಿತ್ತು. ಬಾಯಿ ಅಗಲವಾದಂತೆ ಗುಡ್ಡದ ಬುಡ ಎರಡು ದಿಕ್ಕಿನಲ್ಲೂ ಹರಡುತ್ತದೆ, ಜೊತೆಗೆ ಎತ್ತರವೂ ಏರುತ್ತದೆ. ಅದಕ್ಕೇ ಅಗಲ ಬಾಯಿಯ ಅಳತೆಯಲ್ಲಿ ಗುಡ್ಡದ ಮೋಸ ಹೆಚ್ಚು.

ಒಂದು ಸೇರಿಗೆ 75 ಮಿಲಿ ಎಂದರೆ 42 ಸೇರಿಗೆ 3150 ಮಿಲಿ. ಅಂದರೆ ಮೂರು ಸೇರಿಗಿಂತ ತುಸು ಹೆಚ್ಚು. ಪುಟ್ಟಿ ಗುಣಾಕಾರ ಮುಗಿಸಿ ಕಾಗದವನ್ನು ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಆ ಅಂಕಿಯನ್ನೇ ನೋಡಿದರು. "ಅಪ್ಪ ಶಾಲೆಗೆ ಹೋದವರಲ್ಲ," ಎಂದರು. "ಆದರೆ ಅವರ ಲೆಕ್ಕ ಸರಿ ಇತ್ತು."

ಕರ್ನಾಟಕದಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ಹೋಯಿತು. ಅಜ್ಜಿಯ ಅಪ್ಪನಿಗೆ ಉಳುತ್ತಿದ್ದ ಗದ್ದೆ ದಕ್ಕಿತು. ಅಂದಿನಿಂದ ಆ ಮನೆಯಲ್ಲಿ ಯಾರಿಗೇ ಅಕ್ಕಿ ಕೊಡುವುದಿದ್ದರೂ ಗುಡ್ಡ ನಿಲ್ಲಿಸಿಯೇ ಕೊಡಬೇಕು ಎಂದು ಅಪ್ಪ ಹೇಳಿದ್ದರಂತೆ. ಅಜ್ಜಿಯ ಕೈ ಲೋಟವನ್ನು ಸವರದೆ ಎತ್ತುವುದು ಅಲ್ಲಿಂದ ಬಂದ ಅಭ್ಯಾಸ. ಉಣ್ಣುವವರಿಗೆ ಕಡಿಮೆ ಬೀಳಬಾರದು. ಬಸಿಯುವ ಅನ್ನಕ್ಕೆ ಆ ಅಭ್ಯಾಸದಿಂದ ಏನೂ ತೊಂದರೆಯಿಲ್ಲ. ಕುಕ್ಕರಿನ ಗೆರೆಗೆ ಮಾತ್ರ ಅದು ಹೊಂದುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಲೋಟವನ್ನು ಕಪಾಟಿಗೆ ಸೇರಿಸಬೇಕೇ? ಬೇಡ. ಅಜ್ಜಿ ಮರುದಿನ ಇಡ್ಲಿಗೆ ನೆನೆಸುವಾಗ ಅದೇ ಲೋಟದಲ್ಲಿ ಒಂದು ಉದ್ದು, ಎರಡು ಅಕ್ಕಿ ರವೆ ಹಾಕಿದರು. ಇಡ್ಲಿ ಹೂವಿನ ಹಾಗೆ ಬಂತು. ಕಾರಣ ಸರಳ. ಅಲ್ಲಿ ಬೇಕಾಗಿರುವುದು ಒಂದಕ್ಕೆ ಎರಡು ಎಂಬ ಸಂಬಂಧ ಮಾತ್ರ. ಎರಡನ್ನೂ ಒಂದೇ ಲೋಟದಲ್ಲಿ, ಒಂದೇ ರೀತಿ ತುಂಬಿ ಅಳೆದರೆ ಲೋಟ 200 ಮಿಲಿ ಇರಲಿ, 300 ಇರಲಿ, ಹಿಟ್ಟು ಅದೇ ಹಿಟ್ಟು. ಪ್ರೆಶರ್ ಕುಕ್ಕರಿನಲ್ಲಿ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎನ್ನುವವರೂ ಇದೇ ಕಾರಣಕ್ಕೆ ಬಚಾವಾಗುತ್ತಾರೆ. ಅಕ್ಕಿಯೂ ಲೋಟದಲ್ಲಿ, ನೀರೂ ಅದೇ ಲೋಟದಲ್ಲಿ. ಎಡವಟ್ಟಾಗುವುದು ಅಕ್ಕಿಯನ್ನು ಒಂದರಲ್ಲಿ, ನೀರನ್ನು ಇನ್ನೊಂದರಲ್ಲಿ ಅಳೆದಾಗ. ಲೋಟದ ಅಕ್ಕಿಗೆ ಕುಕ್ಕರಿನ ಗೆರೆಯ ನೀರು ಅಂಥದ್ದೇ ಒಂದು ಬೆರಕೆ.

ಇಂಥದೇ ಇನ್ನೊಂದು ಬೆರಕೆ ಫೋನಿನಲ್ಲಿ ಅಡುಗೆ ವಿಡಿಯೋ ನೋಡುವವರಿಗೆ ಎದುರಾಗುತ್ತದೆ. ಅಲ್ಲಿ 'ಒಂದು ಕಪ್ ಅಕ್ಕಿ' ಎಂದರೆ ಹೆಚ್ಚಾಗಿ ಅಮೆರಿಕದ ಕಪ್, ಸುಮಾರು 240 ಮಿಲಿ. ಆಸ್ಟ್ರೇಲಿಯಾದವರ ಕಪ್ 250. ಇಲ್ಲಿನ ಅಂಗಡಿಗಳಲ್ಲಿ ನಾಲ್ಕೈದು ಚಮಚ ಕಪ್‌ಗಳ ಗೊಂಚಲಾಗಿ ಸಿಗುವುದೂ ಸಾಮಾನ್ಯವಾಗಿ ಇವೇ. ಕುಕ್ಕರಿನ ಕಪ್ಪನ್ನೂ ಕಪ್ ಎಂದೇ ಕರೆಯುವುದರಿಂದ, ಮೂರು ಕಪ್ ಬಾಸ್ಮತಿಯ ಬಿರಿಯಾನಿಗೆ ವಿಡಿಯೋದವರು 720 ಮಿಲಿ ಅಕ್ಕಿ ಹಾಕಿದರೆ ನಾವು 540 ಹಾಕಿರುತ್ತೇವೆ. ಮಸಾಲೆ, ಉಪ್ಪು ಮಾತ್ರ ಅವರಷ್ಟೇ ಹಾಕಿರುತ್ತೇವೆ. ಬಿರಿಯಾನಿ ಉಪ್ಪಾಯಿತು ಎಂದು ರೂಮಿನಲ್ಲಿ ಜಗಳವಾದರೆ ಕಪ್ಪನ್ನು ಒಮ್ಮೆ ವಿಚಾರಿಸಿ ನೋಡಬಹುದು.

ನಮ್ಮ ಮನೆಯ ಲೆಕ್ಕಕ್ಕೆ ಕೊನೆಯ ಗಂಟು ಹಾಕಿದವರು ಅಜ್ಜಿಯೇ. ಪುಟ್ಟಿ 225 ಮತ್ತು 180 ಎಂದು ಬರೆದಿಟ್ಟ ಕಾಗದವನ್ನು ನೋಡಿ, "ಎಷ್ಟು ಲೋಟಕ್ಕೆ ಎಷ್ಟು ಕಪ್ ಅಂತ ಒಂದೇ ಮಾತಿನಲ್ಲಿ ಹೇಳು. ನನಗೆ ಮಿಲಿ ಗಿಲಿ ನೆನಪಿರುವುದಿಲ್ಲ," ಎಂದರು. ಪುಟ್ಟಿ ಮಗ್ಗಿ ಹೇಳುತ್ತ ಹೋದಳು. 225, 450, 675, 900. ಆ ಕಡೆ 180, 360, 540, 720, 900. ಎರಡೂ ಸಾಲುಗಳು 900ರಲ್ಲಿ ಬಂದು ಸೇರಿದವು. ನಾಲ್ಕು ಲೋಟಕ್ಕೆ ಐದು ಕಪ್! ಅಂದರೆ ಸವರಿದ ನಾಲ್ಕು ಲೋಟ ಅಕ್ಕಿಗೆ ನೀರು ಐದನೇ ಗೆರೆಗೆ, ಎರಡು ಲೋಟಕ್ಕೆ ಎರಡು ಮತ್ತು ಮೂರನೇ ಗೆರೆಗಳ ನಡುವೆ. ಆ ದಿನ ಮಧ್ಯಾಹ್ನ ಎರಡು ಲೋಟ ಅಕ್ಕಿಗೆ ಎರಡೂವರೆ ಗೆರೆ ನೀರು ಹಾಕಿ ಮಾಡಿದ ಅನ್ನ ಬಿಡಿಬಿಡಿಯಾಗಿ, ಮೃದುವಾಗಿ ಬಂತು. ಅಜ್ಜಿ ಸವರುವಾಗ ಅಂಗೈಯನ್ನು ಬಳಸಲಿಲ್ಲ, ಪುಟ್ಟಿಯ ಸ್ಕೇಲನ್ನೇ ಕೇಳಿ ಪಡೆದರು.

ಈ ಲೆಕ್ಕಕ್ಕೂ ಮಿತಿಗಳಿವೆ. ಗೆರೆಗಳು ಬಿಳಿ ಅಕ್ಕಿಯನ್ನು ಎಣಿಸಿ ಎಳೆದವು. ಕುಚ್ಚಲಕ್ಕಿಗೆ ಅದಕ್ಕಿಂತ ಹೆಚ್ಚು ನೀರೂ ಹೆಚ್ಚು ಹೊತ್ತೂ ಬೇಕು, ಅದಕ್ಕೆ ಊರಿನ ಬಸಿಯುವ ಕ್ರಮವೇ ನಿಶ್ಚಿಂತೆ. ಹಳೆಯ ಅಕ್ಕಿ ಹೊಸ ಅಕ್ಕಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಹೊಸ ಮೂಟೆ ಒಡೆದ ದಿನ ಅನ್ನ ಮುದ್ದೆಯಾದರೆ ಮರುದಿನ ಗೆರೆಗಿಂತ ಸ್ವಲ್ಪ ಕೆಳಗೆ ನಿಲ್ಲಿಸಬೇಕು. ಅಕ್ಕಿಯನ್ನು ಅಳೆಯುವುದು ಯಾವಾಗಲೂ ಒಣಗಿದ್ದಾಗಲೇ. ನೆನೆದ ಅಕ್ಕಿ ಉಬ್ಬಿರುತ್ತದೆ, ಅದೇ ಲೋಟದಲ್ಲಿ ಕಡಿಮೆ ಅಕ್ಕಿ ಹಿಡಿಯುತ್ತದೆ. ತೊಳೆದ ಅಕ್ಕಿಗೆ ಅಂಟಿಕೊಂಡ ನೀರಿನ ಚಿಂತೆ ಮಾತ್ರ ಗೆರೆ ನೋಡಿ ಹಾಕುವವರಿಗೆ ಬೇಡ. ಗೆರೆ ಒಟ್ಟು ಮಟ್ಟವನ್ನೇ ತೋರಿಸುವುದರಿಂದ ಆ ನೀರೂ ಲೆಕ್ಕಕ್ಕೆ ಬಂದಿರುತ್ತದೆ.

ನಿಮ್ಮ ರೂಮಿನಲ್ಲಿ ಕುಕ್ಕರಿನ ಕಪ್ ಕಳೆದುಹೋಗಿದ್ದರೆ, ಹೊಸದನ್ನು ಹುಡುಕುವ ಮೊದಲು ಒಂದೂವರೆ ಲೀಟರಿನ ಬಾಟಲಿಯೊಂದನ್ನು ತೆಗೆದುಕೊಳ್ಳಿ. ನಿಮ್ಮ ಲೋಟ ಅದರಲ್ಲಿ ಎಷ್ಟು ಸಲ ತುಂಬುತ್ತದೆ ಎಂದು ಎಣಿಸಿ. ಐದು ಸಲ ಎಂದರೆ 300 ಮಿಲಿಯ ಲೋಟ, ಮೂರು ಲೋಟಕ್ಕೆ ಐದನೇ ಗೆರೆ. ಆರು ಸಲ ಎಂದರೆ 250, ಐದು ಲೋಟಕ್ಕೆ ಹೆಚ್ಚು ಕಡಿಮೆ ಏಳನೇ ಗೆರೆ. ಏಳೂವರೆ ಸಲ ಎಂದರೆ 200, ಒಂಬತ್ತು ಲೋಟಕ್ಕೆ ಹತ್ತನೇ ಗೆರೆ. ಅಕ್ಕಿಯನ್ನು ಸವರಿ ಅಳೆಯಿರಿ. ಈ ಒಂದು ಸಾಲನ್ನು ಕಾಗದದ ಮೇಲೆ ಬರೆದು ಅಕ್ಕಿ ಡಬ್ಬದ ಮುಚ್ಚಳಕ್ಕೆ ಅಂಟಿಸಿಬಿಟ್ಟರೆ, ಅಡುಗೆಯ ಸರದಿ ಯಾರದ್ದೇ ಇದ್ದರೂ ಅನ್ನ ಒಂದೇ ಹದಕ್ಕೆ ಬರುತ್ತದೆ.

ನಮ್ಮ ಡಬ್ಬದ ಮೇಲೆ 'ನಾಲ್ಕು ಲೋಟ, ಐದು ಗೆರೆ' ಎಂದು ಪುಟ್ಟಿಯ ಅಕ್ಷರದಲ್ಲಿದೆ. ಅದರ ಕೆಳಗೆ ಅಜ್ಜಿ ಊರಿಗೆ ಹೊರಡುವ ಮುನ್ನ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದ್ದಾರೆ: 'ನೆಂಟರು ಬಂದರೆ ಒಂದು ಲೋಟ ಹೆಚ್ಚು, ಗೆರೆಯೂ ಹೆಚ್ಚು.'